ಡಿಕ್ಲರೇಷನ್ ತುಂಬಿದ್ರೂ ಟಿಡಿಎಸ್ ಇಳೀಲಿಲ್ಲ: ಒಂದು ಸ್ಯಾಲರಿ ಸ್ಲಿಪ್ ಬಿಡಿಸಿ ನೋಡಿದ್ದು

ಹೋದ ದಸರಾ ರಜಕ್ಕೆ ನಮ್ಮ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಊಟ ಆಗಿ ಕೈ ತೊಳ್ಕೊಂಡು ಬಂದವನೇ ಮೊಬೈಲ್ ನನ್ನ ಮುಂದೆ ಹಿಡಿದ. "ಅಕ್ಕಾ, ಇದು ಸೆಪ್ಟೆಂಬರ್ ಸ್ಲಿಪ್ ನೋಡು. ಮನೆ ಬಾಡಿಗೆ ಹಾಕಿದೀನಿ, ಎಲ್‌ಐಸಿ ಹಾಕಿದೀನಿ, ಅಪ್ಪ ಅಮ್ಮಂದು ಹೆಲ್ತ್ ಇನ್ಶೂರೆನ್ಸ್ ಹಾಕಿದೀನಿ, ಆದ್ರೂ ತಿಂಗಳಾ 3,900 ಟ್ಯಾಕ್ಸ್ ಹಿಡೀತಾನೇ ಇದಾರೆ, ಒಂದು ರೂಪಾಯಿನೂ ಇಳಿದಿಲ್ಲ. ಪೇರೋಲ್‌ನವ್ರು ತಪ್ಪು ಮಾಡಿದಾರಾ?" ಅಂತ ಕೇಳ್ದ. ನಾನು 11 ವರ್ಷ ಪೇರೋಲ್ ಕೆಲಸಾನೇ ಮಾಡಿರೋದು, ಈ ಪ್ರಶ್ನೆ ನೂರು ಸಲ ಕೇಳಿದೀನಿ, ಆದ್ರೆ ಇವನ ಸ್ಲಿಪ್‌ನಲ್ಲಿ ಒಂದು ವಿಶೇಷ ಇತ್ತು, ಅದಕ್ಕೇ ಪೂರ್ತಿ ಬರೀತಾ ಇದೀನಿ. ಅಂಕಿ, ರೂಲ್ಸು ಎಲ್ಲಾ 2025-26ನೇ ಹಣಕಾಸು ವರ್ಷದ್ದು.

ಮೊದಲು ಸ್ಲಿಪ್‌ನಲ್ಲಿ ಏನಿತ್ತು ಅಂತ ಹೇಳ್ತೀನಿ.

ಬೇಸಿಕ್ 55,000
ಎಚ್‌ಆರ್‌ಎ 22,000
ಎಲ್‌ಟಿಎ 4,000
ಕನ್ವೇಯನ್ಸ್ ಅಲೋಯನ್ಸ್ 1,600
ಮೆಡಿಕಲ್ ಅಲೋಯನ್ಸ್ 1,250
ಸ್ಪೆಷಲ್ ಅಲೋಯನ್ಸ್ 26,150
ಒಟ್ಟು ಗ್ರಾಸ್ 1,10,000

ಕಡಿತದ ಕಡೆ ಪಿಎಫ್ 6,600, ಪ್ರೊಫೆಷನಲ್ ಟ್ಯಾಕ್ಸ್ 200, ಟಿಡಿಎಸ್ 3,900. ಕೈಗೆ ಬರೋದು 99,300. ವರ್ಷಕ್ಕೆ ಗ್ರಾಸ್ 13,20,000 ಆಯ್ತು. ಬೋನಸ್ಸು ವೇರಿಯಬಲ್ಲು ಏನೂ ಇಲ್ಲ ಅಂತ ಆಫರ್ ಲೆಟರ್ ತೆಗೆಸಿ ನೋಡ್ಕೊಂಡೆ, ಯಾಕಂದ್ರೆ ಮಾರ್ಚಲ್ಲಿ ಒಂದು ಬೋನಸ್ ಬಂದ್ರೆ ನಾವು ಮಾಡೋ ಲೆಕ್ಕ ಎಲ್ಲಾ ತಲೆಕೆಳಗಾಗುತ್ತೆ.

ಅವನು ಈ ಪಟ್ಟಿ ಓದ್ತಾ ಇದ್ದ ರೀತಿನೇ ಬೇರೆ. ಎಚ್‌ಆರ್‌ಎ ಅಂದ್ರೆ ಟ್ಯಾಕ್ಸ್ ಇಲ್ಲ, ಎಲ್‌ಟಿಎ ಅಂದ್ರೆ ಟ್ಯಾಕ್ಸ್ ಇಲ್ಲ, ಕನ್ವೇಯನ್ಸು ಮೆಡಿಕಲ್ಲು ಅಂದ್ರೂ ಟ್ಯಾಕ್ಸ್ ಇಲ್ಲ, ಬೇಸಿಕ್ಕು ಸ್ಪೆಷಲ್ಲಿಗೆ ಮಾತ್ರ ಟ್ಯಾಕ್ಸು ಅಂತ. ಹೆಸರು ನೋಡಿ ತೀರ್ಮಾನ ಮಾಡೋದು. ಆದ್ರೆ ಸ್ಲಿಪ್‌ನಲ್ಲಿರೋ ಹೆಸರು ಟ್ಯಾಕ್ಸ್ ಬೀಳುತ್ತಾ ಬೀಳಲ್ವಾ ಅಂತ ಹೇಳಲ್ಲ. ಟ್ಯಾಕ್ಸ್ ಲೆಕ್ಕ ಹಾಕೋಕೆ ಹಳೇದು, ಹೊಸದು ಅಂತ ಎರಡು ಪದ್ಧತಿ ಇದೆ, ಅದಕ್ಕೇ ರೆಜೀಮ್ ಅನ್ನೋದು. ಟ್ಯಾಕ್ಸ್ ಬೀಳುತ್ತಾ ಇಲ್ವಾ ಅಂತ ಹೇಳೋದು ನೀವು ಯಾವ ರೆಜೀಮ್‌ನಲ್ಲಿದೀರ ಅನ್ನೋದು, ಅದಾದ್ಮೇಲೆ ನೀವು ನಿಜವಾಗ್ಲೂ ಎಷ್ಟು ಖರ್ಚು ಮಾಡಿದೀರ ಅನ್ನೋದು.

ರೆಜೀಮ್ ಯಾವುದು ಅಂತ ಸ್ಲಿಪ್‌ನಲ್ಲೇ ಎಷ್ಟೋ ಸಲ ಬರ್ದಿರಲ್ಲ. ಪೇರೋಲ್ ಪೋರ್ಟಲ್‌ನಲ್ಲಿ ಸ್ಲಿಪ್ ಪಕ್ಕದಲ್ಲೇ ಟ್ಯಾಕ್ಸ್ ಶೀಟ್ ಅಂತ ಇನ್ನೊಂದು ಇರುತ್ತೆ, ಅದನ್ನ ಯಾರೂ ತೆಗ್ದು ನೋಡಲ್ಲ. ತೆಗ್ಸಿದೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ ಇರೋ ಕಡೆ 75,000 ಇತ್ತು. ಅಲ್ಲಿಗೇ ಗೊತ್ತಾಯ್ತು, ಇವನು ಹೊಸ ರೆಜೀಮ್‌ನಲ್ಲಿದಾನೆ. ಹಳೇದಾಗಿದ್ರೆ ಅಲ್ಲಿ 50,000 ಇರ್ತಿತ್ತು. ಏಪ್ರಿಲ್‌ನಲ್ಲಿ ಯಾವ ರೆಜೀಮ್ ಅಂತ ಕೇಳಿದ ಮೇಲ್‌ಗೆ ಇವನು ಉತ್ತರ ಕೊಟ್ಟಿರಲಿಲ್ಲ, ಉತ್ತರ ಕೊಡದಿದ್ರೆ ಕಂಪನಿಯವ್ರು ಹೊಸ ರೆಜೀಮೇ ಹಾಕ್ಬೇಕು, 2023-24ರಿಂದ ಅದೇ ಡೀಫಾಲ್ಟ್. ಆಮೇಲೆ ಬಾಡಿಗೆ, ಎಲ್‌ಐಸಿ ಎಲ್ಲಾ ಪೋರ್ಟಲ್‌ನಲ್ಲಿ ತುಂಬಿದಾನೆ, ಪೋರ್ಟಲ್ ಎಲ್ಲಾನೂ ತಗೊಂಡಿದೆ, ಲೆಕ್ಕಕ್ಕೆ ಮಾತ್ರ ಒಂದನ್ನೂ ತಗೊಂಡಿಲ್ಲ. ಪೇರೋಲ್‌ನವ್ರದ್ದು ತಪ್ಪಿಲ್ಲ.

ಹೊಸ ರೆಜೀಮ್‌ನಲ್ಲಿ ಆ ಆರು ಸಾಲೂ ಟ್ಯಾಕ್ಸಬಲ್. ಎಚ್‌ಆರ್‌ಎ ಪೂರ್ತಿ, ಎಲ್‌ಟಿಎ ಪೂರ್ತಿ. ಕನ್ವೇಯನ್ಸ್ 1,600 ಮತ್ತೆ ಮೆಡಿಕಲ್ 1,250 ಬಗ್ಗೆ ಒಂದು ಮಾತು ಹೇಳ್ಲೇಬೇಕು, ಇದು ತುಂಬಾ ಜನರನ್ನ ದಾರಿ ತಪ್ಪಿಸುತ್ತೆ. ಒಂದು ಕಾಲದಲ್ಲಿ ತಿಂಗಳಿಗೆ 1,600ರ ತನಕ ಕನ್ವೇಯನ್ಸು, ವರ್ಷಕ್ಕೆ 15,000ದ ತನಕ ಬಿಲ್ ಕೊಟ್ರೆ ಮೆಡಿಕಲ್ಲು ಟ್ಯಾಕ್ಸ್ ಇಲ್ಲದೆ ಸಿಗ್ತಿತ್ತು, ಅದಕ್ಕೇ ಕಂಪನಿಗಳು ಸರಿಯಾಗಿ ಅಷ್ಟೇ ಅಂಕಿ ಇಟ್ಟಿದ್ದು. 2018-19ರಿಂದ ಅವೆರಡನ್ನೂ ತೆಗ್ದು ಅದರ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ರು. ಸ್ಲಿಪ್‌ನಲ್ಲಿ ಸಾಲು ಮಾತ್ರ ಹಾಗೇ ಉಳ್ಕೊಂಡು ಬಂದಿದೆ. ಈಗ ಯಾವ ರೆಜೀಮಲ್ಲಾದ್ರೂ ಈ ತರ ತಿಂಗಳಾ ತಿಂಗಳಾ ಸುಮ್ನೆ ಕೊಡೋ ಕನ್ವೇಯನ್ಸು ಮೆಡಿಕಲ್ಲು ಅಂದ್ರೆ ಸ್ಪೆಷಲ್ ಅಲೋಯನ್ಸ್ ಇದ್ದಂಗೇ, ಪೂರ್ತಿ ಟ್ಯಾಕ್ಸು. (ಅಂಗವಿಕಲ ನೌಕರರ ಪ್ರಯಾಣದ ಅಲೋಯನ್ಸ್‌ಗೆ ವಿನಾಯಿತಿ ಈಗ್ಲೂ ಇದೆ, ಅದು ಬೇರೆ ವಿಷಯ.)

"ಹಂಗಿದ್ರೆ ಹಳೇ ರೆಜೀಮ್‌ಗೆ ಹೋಗ್ತೀನಿ ಬಿಡು ಅಕ್ಕಾ, ಎಲ್ಲಾ ಕಮ್ಮಿ ಆಗುತ್ತಲ್ಲ" ಅಂದ. ಇರು, ಲೆಕ್ಕ ಹಾಕಿ ನೋಡೋಣ ಅಂದೆ.

ಹಳೇದರಲ್ಲಿ ಎಚ್‌ಆರ್‌ಎ 2,64,000 ಪೂರ್ತಿ ಬಿಟ್ಟುಹೋಗುತ್ತೆ ಅಂತ ಅವನ ಅಂದಾಜು. ಹಾಗಲ್ಲ. ಮೂರು ಅಂಕಿ ತೆಗೀಬೇಕು. ಕಂಪನಿ ಕೊಟ್ಟ ಎಚ್‌ಆರ್‌ಎ 2,64,000. ಬೆಂಗಳೂರಿಗೆ 2025-26ರ ಲೆಕ್ಕದಲ್ಲಿ ಬೇಸಿಕ್‌ನ 40%, ಅದೂ 2,64,000 (ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ಈ ನಾಲ್ಕು ಊರಿಗೆ ಮಾತ್ರ 50%). ಮೂರನೇದು, ಕಟ್ಟಿದ ಬಾಡಿಗೆಯಲ್ಲಿ ಬೇಸಿಕ್‌ನ 10% ಕಳೀಬೇಕು. ಇವನು ವಿಜಯನಗರದಲ್ಲಿ ತಿಂಗಳಿಗೆ 20,000 ಕಟ್ತಾನೆ, ವರ್ಷಕ್ಕೆ 2,40,000, ಅದರಲ್ಲಿ 66,000 ಕಳೆದ್ರೆ 1,74,000. ಮೂರರಲ್ಲಿ ಯಾವುದು ಕಮ್ಮಿನೋ ಅಷ್ಟಕ್ಕೆ ಮಾತ್ರ ವಿನಾಯಿತಿ, ಅಂದ್ರೆ 1,74,000. ಉಳಿದ 90,000 ಎಚ್‌ಆರ್‌ಎ ಅನ್ನೋ ಹೆಸರಲ್ಲೇ ಟ್ಯಾಕ್ಸ್‌ಗೆ ಹೋಗುತ್ತೆ. ವರ್ಷದ ಬಾಡಿಗೆ 1 ಲಕ್ಷ ದಾಟಿರೋದ್ರಿಂದ ಓನರ್ ಪ್ಯಾನ್ ನಂಬರೂ ಬೇಕು, ಇವರ ಓನರ್ ಅದನ್ನ ಕೊಡೋಕೆ ಮೀನಮೇಷ ಎಣಿಸ್ತಾ ಇದ್ರಂತೆ.

ಎಲ್‌ಟಿಎ ವರ್ಷಕ್ಕೆ 48,000 ಇದೆ, ಆದ್ರೆ ವಿನಾಯಿತಿ ಸಿಗೋದು ದೇಶದೊಳಗೆ ರಜ ಹಾಕಿ ಹೋದ ಪ್ರಯಾಣದ ಟಿಕೆಟ್ ಖರ್ಚಿಗೆ ಮಾತ್ರ, ಹೋಟೆಲ್ಲು ಊಟ ಯಾವುದೂ ಸೇರಲ್ಲ. ಗಂಡ ಹೆಂಡತಿ ಟ್ರೈನಲ್ಲಿ ಕಾಶಿಗೆ ಹೋಗಿ ಬಂದಿದ್ರು, ಟಿಕೆಟ್ 9,000. ಅಷ್ಟೇ ಸಿಗೋದು.

ಈಗ ಹಳೇ ರೆಜೀಮ್ ಲೆಕ್ಕ. 13,20,000ರಲ್ಲಿ ಎಚ್‌ಆರ್‌ಎ 1,74,000, ಎಲ್‌ಟಿಎ 9,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪ್ರೊಫೆಷನಲ್ ಟ್ಯಾಕ್ಸ್ 2,500 (ಕರ್ನಾಟಕದಲ್ಲಿ 11 ತಿಂಗಳು 200, ಫೆಬ್ರವರಿಲಿ 300) ಕಳೆದ್ರೆ 10,84,500. 80ಸಿ ಅಡಿಯಲ್ಲಿ ಇವನ ಪಿಎಫ್ 79,200 ಮತ್ತೆ ಎಲ್‌ಐಸಿ 30,000, ಅದು ಬಿಟ್ಟು ಬೇರೆಯಾಗಿ ಹೆಲ್ತ್ ಇನ್ಶೂರೆನ್ಸ್ 18,000. ಎಲ್ಲಾ ಕಳೆದು ಉಳಿಯೋದು 9,57,300. ಇದಕ್ಕೆ ಹಳೇ ಸ್ಲ್ಯಾಬ್‌ನಲ್ಲಿ ಸೆಸ್ ಸೇರಿ ಟ್ಯಾಕ್ಸ್ 1,08,120 ಆಗುತ್ತೆ.

ಹೊಸದರಲ್ಲಿ ಎಷ್ಟು ಹಿಡೀತಾ ಇದಾರೆ? ತಿಂಗಳಿಗೆ 3,900, ವರ್ಷಕ್ಕೆ 46,800. ಏನೂ ಕಳೀದೆ ಇರೋ ರೆಜೀಮಲ್ಲೇ ಅರ್ಧಕ್ಕಿಂತ ಕಮ್ಮಿ! ಹಳೇದು ಇದಕ್ಕೆ ಸರಿಸಮ ಆಗ್ಬೇಕು ಅಂದ್ರೆ ಇನ್ನೂ 2,94,800 ಡಿಡಕ್ಷನ್ ಬೇಕು. 80ಸಿಯಲ್ಲಿ ಬಾಕಿ ಇರೋ 40,800 ತುಂಬಿಸಿದ್ರೂ ಸಾಲಲ್ಲ, ಅದರ ಮೇಲೆ ಸ್ವಂತ ಮನೆ ಹೋಮ್ ಲೋನಿನ ಬಡ್ಡಿ 2 ಲಕ್ಷ ಇದ್ರೂ ಸಾಲಲ್ಲ. ಹಾಗಾಗಿ ಇವನಿಗೆ ಹಳೇ ರೆಜೀಮ್ ಪ್ರಶ್ನೆನೇ ಇಲ್ಲ. ಬಾಡಿಗೆ ತುಂಬಾ ಜಾಸ್ತಿ ಇದ್ದು, ಜೊತೆಗೆ ಬೇರೆ ಊರಲ್ಲಿ ಮನೆ ಲೋನೂ ಇರೋವ್ರಿಗೆ ಬೇರೆ ಉತ್ತರ ಬರಬಹುದು, ಅವರು ಅವರ ಅಂಕಿ ಹಾಕಿ ನೋಡ್ಬೇಕು.

ಇಲ್ಲಿಂದ ಮುಂದೆನೇ ಇವನ ಕೇಸ್‌ನ ವಿಶೇಷ. 46,800 ಹೇಗೆ ಬಂತು ನೋಡಿ. 13,20,000ದಲ್ಲಿ 75,000 ಕಳೆದ್ರೆ 12,45,000. ಹೊಸ ಸ್ಲ್ಯಾಬ್‌ನಲ್ಲಿ ಮೊದಲ 4 ಲಕ್ಷಕ್ಕೆ ಇಲ್ಲ, 4ರಿಂದ 8ಕ್ಕೆ 5%, 8ರಿಂದ 12ಕ್ಕೆ 10%, 12ರಿಂದ 16ಕ್ಕೆ 15%. ಆ ಪ್ರಕಾರ 66,750 ಬರ್ಬೇಕು. ಆದ್ರೆ 12 ಲಕ್ಷದ ತನಕ 87ಎ ರಿಬೇಟ್‌ನಿಂದ ಟ್ಯಾಕ್ಸ್ ಸೊನ್ನೆ ಇರೋದ್ರಿಂದ, 12 ಲಕ್ಷಕ್ಕಿಂತ ಸ್ವಲ್ಪ ಮೇಲೆ ಇರೋವ್ರಿಗೆ ಒಂದು ರಕ್ಷಣೆ ಇದೆ, ಅದಕ್ಕೆ ಮಾರ್ಜಿನಲ್ ರಿಲೀಫ್ ಅಂತಾರೆ. 12 ಲಕ್ಷದ ಮೇಲೆ ಎಷ್ಟು ಜಾಸ್ತಿ ದುಡಿದಿದೀರೋ ಅದಕ್ಕಿಂತ ಜಾಸ್ತಿ ಟ್ಯಾಕ್ಸ್ ಹಾಕೋ ಹಾಗಿಲ್ಲ. ಇವನು ಜಾಸ್ತಿ ದುಡಿದಿರೋದು 45,000, ಆದ್ದರಿಂದ ಟ್ಯಾಕ್ಸ್ 45,000, ಅದಕ್ಕೆ 4% ಸೆಸ್ 1,800, ಒಟ್ಟು 46,800.

ಇದನ್ನ ಇನ್ನೊಂದು ಕಡೆಯಿಂದ ನೋಡಿ. 12 ಲಕ್ಷದ ಮೇಲಿನ ಆ 45,000ದಲ್ಲಿ ಇವನಿಗೆ ಒಂದು ಪೈಸೆನೂ ಉಳೀತಾ ಇಲ್ಲ, ಸೆಸ್ ಸೇರಿದ್ರೆ ಕೈಯಿಂದಾನೇ 1,800 ಹೋಗ್ತಾ ಇದೆ. ಈ ಪರಿಸ್ಥಿತಿ ಟ್ಯಾಕ್ಸಬಲ್ ಇನ್‌ಕಮ್ 12 ಲಕ್ಷದಿಂದ ಸುಮಾರು 12,70,500ರ ತನಕ ಇರುತ್ತೆ. ಅಂದ್ರೆ ಈ ಜಾಗದಲ್ಲಿರೋವ್ರು ಟ್ಯಾಕ್ಸಬಲ್‌ನಿಂದ ಒಂದು ರೂಪಾಯಿ ಆಚೆ ಇಟ್ರೆ ಒಂದು ರೂಪಾಯಿ ನಾಲ್ಕು ಪೈಸೆ ಟ್ಯಾಕ್ಸ್ ಉಳಿಯುತ್ತೆ. ಬೇರೆ ಯಾವ ಸ್ಲ್ಯಾಬಲ್ಲೂ ಇಷ್ಟು ಸಿಗಲ್ಲ.

"ಹಂಗಾದ್ರೆ ನಾನೇ ಎನ್‌ಪಿಎಸ್‌ಗೆ 50,000 ಹಾಕ್ತೀನಿ, ಆಫೀಸಲ್ಲಿ ಎಲ್ಲಾ ಹಾಕ್ತಾರೆ" ಅಂದ. ಎನ್‌ಪಿಎಸ್ ಅಂದ್ರೆ ನಿವೃತ್ತಿಗೆ ದುಡ್ಡು ಕೂಡಿಡೋ ಪೆನ್ಷನ್ ಖಾತೆ. ಅದಕ್ಕೆ ತಾವೇ ದುಡ್ಡು ಹಾಕೋ ಇದೇ ತಪ್ಪನ್ನ ತುಂಬಾ ಜನ ಮಾಡ್ತಾರೆ, ಬೇಜಾರಾಗುತ್ತೆ ನೋಡಿದ್ರೆ. ನಾವೇ ಆ್ಯಪಲ್ಲಿ ಹಾಕೋ 50,000 80ಸಿಸಿಡಿ(1ಬಿ) ಅಡಿ ಬರುತ್ತೆ, ಅದು ಹಳೇ ರೆಜೀಮ್‌ಗೆ ಮಾತ್ರ. ಹೊಸದರಲ್ಲಿ ನಡಿಯೋದು 80ಸಿಸಿಡಿ(2), ಅಂದ್ರೆ ಕಂಪನಿ ನಮ್ಮ ಎನ್‌ಪಿಎಸ್ ಖಾತೆಗೆ ಕಟ್ಟೋ ದುಡ್ಡು, ಬೇಸಿಕ್‌ನ 14%ರ ತನಕ. ಅದೇ ಎನ್‌ಪಿಎಸ್, ಅದೇ ಖಾತೆ, ಆದ್ರೆ ದುಡ್ಡು ಯಾರ ಕಡೆಯಿಂದ ಹೋಯ್ತು ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಕಂಪನಿ ಸುಮ್ನೆ ಜಾಸ್ತಿ ಕೊಡುತ್ತಾ? ಕೊಡಲ್ಲ. ಸಿಟಿಸಿ ಅಷ್ಟೇ ಇಟ್ಟು ಸ್ಪೆಷಲ್ ಅಲೋಯನ್ಸ್‌ನಿಂದ ಅಷ್ಟು ತೆಗ್ದು ಎನ್‌ಪಿಎಸ್ ಸಾಲಿಗೆ ಹಾಕ್ತಾರೆ. ಹಾಗಾಗಿ ಇದು ಡಿಕ್ಲರೇಷನ್ ಅಲ್ಲ, ಸಂಬಳದ ಸ್ಟ್ರಕ್ಚರ್ ಬದಲಾವಣೆ. ಬಾಡಿಗೆ ರಸೀದಿ, ಎಲ್‌ಐಸಿ ರಸೀದಿ ಎಲ್ಲಾ ಫಾರ್ಮ್ 12ಬಿಬಿಯಲ್ಲಿ ವರ್ಷದ ಕೊನೆಗೆ ಕೊಟ್ರೂ ನಡಿಯುತ್ತೆ, ಆದ್ರೆ ಇದನ್ನ ಹಾಗೆ ಮಾಡಕ್ಕಾಗಲ್ಲ. ಮಾರ್ಚಲ್ಲಿ ನೆನಪಾದ್ರೆ ಕಳೆದ ತಿಂಗಳುಗಳ ಸಂಬಳ ಆಗಲೇ ಸ್ಪೆಷಲ್ ಅಲೋಯನ್ಸ್ ಅಂತ ಕೈಗೆ ಬಂದಾಗಿದೆ, ಅದನ್ನ ವಾಪಸ್ ತಿರುಗಿಸೋಕೆ ಬರಲ್ಲ.

ಇವನ ಬೇಸಿಕ್ 55,000ಕ್ಕೆ 14% ಅಂದ್ರೆ ತಿಂಗಳಿಗೆ 7,700. ಅಕ್ಟೋಬರ್‌ನಿಂದ ಮಾರ್ಚ್ ತನಕ 6 ತಿಂಗಳು, 46,200. ಬೇಕಾಗಿದ್ದು 45,000. ಅಕ್ಟೋಬರ್ ಸಂಬಳಕ್ಕೆ ಸೇರಿದ್ರೆ ಸರಿ, ಒಂದು ತಿಂಗಳು ತಪ್ಪಿದ್ರೂ ಸಾಲಲ್ಲ. ಅವತ್ತೇ ರಾತ್ರಿ ಕೂತು ಎಚ್‌ಆರ್‌ಗೆ ಮೇಲ್ ಹಾಕ್ಸಿದೆ, ಮೂರು ಪ್ರಶ್ನೆ: ಕಂಪನಿ ಕಾರ್ಪೊರೇಟ್ ಎನ್‌ಪಿಎಸ್‌ಗೆ ರಿಜಿಸ್ಟರ್ ಆಗಿದ್ಯಾ, ವರ್ಷದ ಮಧ್ಯೆ ಸ್ಟ್ರಕ್ಚರ್ ಬದಲಾಯಿಸೋಕೆ ಬಿಡ್ತೀರಾ, ಈ ತಿಂಗಳ ಕಟ್ ಆಫ್ ಯಾವತ್ತು. ಅದೃಷ್ಟಕ್ಕೆ ಮೂರಕ್ಕೂ ಒಳ್ಳೇ ಉತ್ತರ ಬಂತು. ಕೆಲವು ಕಂಪನಿಗಳು ಏಪ್ರಿಲಲ್ಲಿ ಮಾತ್ರ ಬಿಡ್ತಾವೆ, ಕೆಲವು ಕಡೆ ಕಾರ್ಪೊರೇಟ್ ಎನ್‌ಪಿಎಸ್ಸೇ ಇರಲ್ಲ, ಅಂಥ ಕಡೆ ನೌಕರರು ಏನೂ ಮಾಡೋ ಹಾಗಿಲ್ಲ. ಇವನು ಎನ್‌ಪಿಎಸ್ ಖಾತೆ ತೆಗ್ದು, ಪ್ರಾನ್ ನಂಬರ್ ಬಂದ ದಿನವೇ ಅದನ್ನ ಕಂಪನಿಗೆ ಜೋಡಿಸೋಕೆ ಕೊಟ್ಟ.

ಲೆಕ್ಕ ಈಗ ಹೀಗಾಯ್ತು. 13,20,000ದಲ್ಲಿ 75,000 ಮತ್ತೆ 46,200 ಕಳೆದ್ರೆ 11,98,800. ಟ್ಯಾಕ್ಸ್ ಸೊನ್ನೆ. ಅಂದ್ರೆ 46,200 ತನ್ನದೇ ಎನ್‌ಪಿಎಸ್ ಖಾತೆಗೆ ಹೋಯ್ತು, ಅದಕ್ಕೆ ಪ್ರತಿಯಾಗಿ 46,800 ಟ್ಯಾಕ್ಸ್ ಉಳೀತು. ಆಮೇಲೆ ಬರೋ ರಿಫಂಡ್ ಸೇರಿಸಿ ನೋಡಿದ್ರೆ ವರ್ಷದ ಕೈ ಸಂಬಳ ಕಮ್ಮಿ ಆಗ್ಲಿಲ್ಲ, 600 ರೂಪಾಯಿ ಜಾಸ್ತಿನೇ ಆಯ್ತು. ಇದನ್ನ ತೋರ್ಸಿದಾಗ ಅವನು ಕ್ಯಾಲ್ಕುಲೇಟರ್ ತಗೊಂಡು ಎರಡು ಸಲ ತಾನೇ ಲೆಕ್ಕ ಹಾಕ್ದ. ಆದ್ರೆ ಈ ದುಡ್ಡು ಬೇಕಾದಾಗ ಎಟಿಎಂನಲ್ಲಿ ತೆಗೆಯೋ ದುಡ್ಡಲ್ಲ, ನಿವೃತ್ತಿಗೆ ಅಂತ ಕಟ್ಟಿಟ್ಟಿದ್ದು, ತೆಗೆಯುವಾಗ ಒಂದು ಪಾಲು ಪೆನ್ಷನ್‌ಗೇ ಹೋಗುತ್ತೆ ಅಂತ ಬಿಡಿಸಿ ಹೇಳಿದೀನಿ. ಇನ್ನೆರಡು ವರ್ಷದಲ್ಲಿ ಸೈಟ್ ತಗೋಬೇಕು ಅನ್ನೋ ಆಲೋಚನೆ ಇದ್ರೂ ಇವನ ಕೇಸ್‌ನಲ್ಲಿ ನಷ್ಟ ಇಲ್ಲ, ಹೇಗಿದ್ರೂ ಟ್ಯಾಕ್ಸ್‌ಗೆ ಹೋಗ್ತಿದ್ದ ದುಡ್ಡು ಅದು.

ಒಂದು ವಿಷಯ ಮಾತ್ರ ನನಗೆ ನಿದ್ದೆ ಬರದಂಗೆ ಮಾಡ್ತು. 12 ಲಕ್ಷಕ್ಕೆ ಉಳಿದಿರೋ ಅಂತರ ಬರೀ 1,200. ಸ್ಲಿಪ್‌ನಲ್ಲಿ ಇಲ್ಲದ ಆದಾಯ ಏನಿದೆ ಅಂತ ಬೆಳಿಗ್ಗೆ ಎದ್ದವಳೇ ಕೇಳಿದೆ. ಏನೂ ಇಲ್ಲ ಅಂದ. ಬ್ಯಾಂಕ್ ಪಾಸ್‌ಬುಕ್ ತೆಗೆಸಿದ್ರೆ ಎಸ್‌ಬಿ ಬಡ್ಡಿ ಮತ್ತೆ ಒಂದು ಸಣ್ಣ ಎಫ್‌ಡಿ ಬಡ್ಡಿ ಸೇರಿ ವರ್ಷಕ್ಕೆ ಸುಮಾರು 4,100 ಬರುತ್ತೆ. ಹಳೇ ರೆಜೀಮಲ್ಲಿ ಎಸ್‌ಬಿ ಬಡ್ಡಿಗೆ 10,000ದ ತನಕ ಡಿಡಕ್ಷನ್ ಇತ್ತು, ಹೊಸದರಲ್ಲಿ ಇಲ್ಲ. 11,98,800ಕ್ಕೆ 4,100 ಸೇರಿದ್ರೆ 12,02,900, ಟ್ಯಾಕ್ಸ್ ಸೆಸ್ ಸೇರಿ 3,016. ಮೊತ್ತ ದೊಡ್ಡದಲ್ಲ ನಿಜ, ಆದ್ರೆ ಕಂಪನಿ ಸೊನ್ನೆ ಅಂತ ಲೆಕ್ಕ ಹಾಕಿರುತ್ತೆ, ರಿಟರ್ನ್ ಹಾಕುವಾಗ ಇದು ಎದ್ದು ಕೂರುತ್ತೆ.

ಇದಕ್ಕೆ ದಾರಿ ಸಿಕ್ಕಿದ್ದು ಬೇರೆ ತರದ ಒಂದು ಸಾಲಿನಿಂದ. ಇವರ ಕಂಪನಿಲಿ ಕೆಲಸಕ್ಕೆ ಬಳಸೋ ಫೋನು ಇಂಟರ್ನೆಟ್ಟಿಗೆ ರಿಎಂಬರ್ಸ್‌ಮೆಂಟ್ ಇದೆ, ಇವನು ಅದನ್ನ ಆರಿಸ್ಕೊಂಡೇ ಇರಲಿಲ್ಲ. ಇದು ಅಲೋಯನ್ಸ್ ಅಲ್ಲ, ಬಿಲ್ ಕೊಟ್ರೆ ಮಾತ್ರ ಬರೋ ದುಡ್ಡು, ಅದಕ್ಕೇ ಎರಡೂ ರೆಜೀಮಲ್ಲೂ ಟ್ಯಾಕ್ಸ್ ಬೀಳಲ್ಲ. ಬಿಲ್ ಕೊಡದೆ ಸುಮ್ನೆ ತಿಂಗಳಾ ತಿಂಗಳಾ ಹಾಕಿದ್ರೆ ಅದೂ ಟ್ಯಾಕ್ಸಬಲ್ಲೇ. ಮನೆಯ ಬ್ರಾಡ್‌ಬ್ಯಾಂಡು ಮೊಬೈಲು ಸೇರಿ ತಿಂಗಳಿಗೆ 1,200 ಬಿಲ್ ಇವನ ಹೆಸರಲ್ಲೇ ಬರ್ತಿತ್ತು. ಸ್ಪೆಷಲ್ ಅಲೋಯನ್ಸ್‌ನಿಂದ 1,200 ಅಲ್ಲಿಗೆ ಬದಲಾಯಿಸಿದ್ರೆ 6 ತಿಂಗಳಿಗೆ 7,200. ಬಡ್ಡಿ ಸೇರಿಸಿನೂ ಟ್ಯಾಕ್ಸಬಲ್ 11,95,700. 12 ಲಕ್ಷದೊಳಗೆ 4,300 ಅಂತರ ಉಳೀತು. ಈಗ ನಿದ್ದೆ ಬಂತು.

ಅಕ್ಟೋಬರ್ ಸ್ಲಿಪ್ ಬಂದಾಗ ಫೋಟೋ ಕಳಿಸಿದ್ದ. ಸ್ಪೆಷಲ್ ಅಲೋಯನ್ಸ್ 26,150ರಿಂದ 17,250ಕ್ಕೆ ಇಳಿದಿತ್ತು, ಎಂಪ್ಲಾಯರ್ ಎನ್‌ಪಿಎಸ್ 7,700 ಅಂತ ಹೊಸ ಸಾಲು ಬಂದಿತ್ತು, ಟಿಡಿಎಸ್ ಜಾಗದಲ್ಲಿ ಸೊನ್ನೆ. "ಅಕ್ಕಾ, ಎನ್‌ಪಿಎಸ್ ಆ ಕಡೆನೂ ಇದೆ ಈ ಕಡೆನೂ ಇದೆ, ಎರಡು ಸಲ ಹಿಡಿದ್ರಾ?" ಅಂತ ಗಾಬರಿಯಾಗಿ ಫೋನ್ ಮಾಡ್ದ. ಇಲ್ಲ. ಕಂಪನಿ ಕಟ್ಟಿದ ಎನ್‌ಪಿಎಸ್ ಮೊದಲು ಸಂಬಳಕ್ಕೆ ಸೇರಿಸಿ ಆಮೇಲೆ ಕಳೀಬೇಕು ಅಂತ ಕಾನೂನು ಇರೋದು, ಅದಕ್ಕೆ ಕೆಲವು ಪೇರೋಲ್‌ಗಳು ಗಳಿಕೆ ಕಡೆನೂ ಕಡಿತದ ಕಡೆನೂ ತೋರಿಸ್ತಾವೆ. ಫಾರ್ಮ್ 16ರಲ್ಲೂ ಹಾಗೇ ಬರುತ್ತೆ, ಸಂಬಳದಲ್ಲಿ ಸೇರಿರುತ್ತೆ, ಕೆಳಗೆ 80ಸಿಸಿಡಿ(2)ರಲ್ಲಿ 46,200 ಕಳೆದಿರುತ್ತೆ. ಕಳೆದಿರೋ ಕಡೆ ಖಾಲಿ ಇದ್ರೆ ಆವಾಗ ಗಾಬರಿ ಆಗ್ಬೇಕು, ಪೇರೋಲ್‌ನವ್ರನ್ನ ಕೇಳಿ ಸರಿ ಮಾಡಿಸ್ಕೋಬೇಕು.

ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಹಿಡಿದಿದ್ದ 23,400 ಕಂಪನಿಯಿಂದ ವಾಪಸ್ ಬರಲ್ಲ, ಅದು ಆಗಲೇ ಸರ್ಕಾರಕ್ಕೆ ಕಟ್ಟಿ ಆಗಿದೆ. ರಿಟರ್ನ್ ಹಾಕುವಾಗ ಬಡ್ಡಿ 4,100ನ್ನೂ ತೋರಿಸಿ, ನಮ್ಮ ಹೆಸರಲ್ಲಿ ಕಟ್ಟಿರೋ ಟ್ಯಾಕ್ಸ್ ತೋರಿಸೋ 26ಎಎಸ್‌ನಲ್ಲಿ 23,400 ಕಾಣಿಸ್ತಿದ್ಯಾ ನೋಡ್ಕೊಂಡು, ರಿಫಂಡ್ ಕೇಳ್ಬೇಕು.

ಇನ್ನು 2026-27ಕ್ಕೆ ಸಂಬಳ ಹೀಗೇ ಇದ್ರೆ ತಿಂಗಳಿಗೆ 7,700 ಬೇಕಾಗಿಲ್ಲ, ಇಡೀ ವರ್ಷಕ್ಕೆ ಹಂಚಿದ್ರೆ ಸುಮಾರು 3,750 ಸಾಕು. ಆದ್ರೆ ಹೈಕ್ ಬಂದ್ರೆ ಲೆಕ್ಕ ಬದಲಾಗುತ್ತೆ. ಬೇಸಿಕ್ ಅರ್ಧ ಇರೋ ಸಂಬಳದಲ್ಲಿ ವರ್ಷ ಪೂರ್ತಿ 14% ಹಾಕಿದ್ರೆ ಗ್ರಾಸ್ ಸುಮಾರು 13.7 ಲಕ್ಷದ ತನಕ ಮಾತ್ರ 12ರೊಳಗೆ ತರೋಕಾಗೋದು, ಅದರ ಮೇಲೆ ಹೋದ್ರೆ ಟ್ಯಾಕ್ಸ್ ಇದ್ದೇ ಇರುತ್ತೆ. ಹೈಕ್ ಲೆಟರ್ ಬಂದ ದಿನಾನೇ ಕಳಿಸು, ಸ್ಟ್ರಕ್ಚರ್ ಆರಿಸೋ ವಿಂಡೋ ಮುಚ್ಚೋಕೆ ಮುಂಚೆ ಅಂತ ಹೇಳಿದೀನಿ.